ಮೂರನೇ ಅಧ್ಯಾಯದ ಬಗ್ಗೆ ಶಿವಕುಮಾರನಿಗೆ

ಮೈಸೂರು
14 ಜೂನ್ 2024

ಪ್ರಿಯ ಶಿವಕುಮಾರ,

ಕೋಲಾರದ ಕೆರೆಗಳ ಮೇಲಿನ ನಿನ್ನ ಮೂರನೇ ಅಧ್ಯಾಯ ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು. ಎರಡನೇ ಸಲ ತಲೆ ಕೆರೆದುಕೊಂಡೆ. ಫೋನಿನಲ್ಲಿ ಹೇಳಿದರೆ ನೀನು 'ಆಯ್ತು ಸರ್, ಸರಿ ಮಾಡ್ತೀನಿ ಸರ್' ಅಂದುಬಿಡುತ್ತೀಯ. ಅದಕ್ಕೇ ಕಾಗದ.

ಮೊದಲೇ ಹೇಳಿಬಿಡುತ್ತೇನೆ, ಸಾಮಗ್ರಿಯಲ್ಲಿ ಕೊರತೆ ಇಲ್ಲ. ಶಾಸನಗಳ ಭಾಗ ಚೆನ್ನಾಗಿದೆ. ಬ್ರಿಟಿಷ್ ಕಮಿಷನರ್ ಕಾಲದ ಕಡತಗಳನ್ನು ನೀನು ಓದಿರುವ ರೀತಿ ನನಗೆ ಇಷ್ಟವಾಯಿತು. ಕೆರೆಯ ತೂಬು ತೆಗೆದು ಗದ್ದೆಗೆ ನೀರು ಬಿಡುತ್ತಿದ್ದ ಮುಳಬಾಗಿಲು ಕಡೆಯ ನೀರಗಂಟಿಗಳ ಜೊತೆ ಕೂತು ಮಾತಾಡಿಸಿರುವುದಂತೂ ಈ ಪ್ರಬಂಧದ ಆಸ್ತಿ. ಕೊನೆಯ ಭಾಗ, ಬೋರ್‌ವೆಲ್ ಮತ್ತು ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ತರುವ ಕೆಸಿ ವ್ಯಾಲಿ ಯೋಜನೆಯದ್ದು, ಉದ್ದವಾಯಿತು, ಆದರೆ ತಪ್ಪಿಲ್ಲ.

ತೊಂದರೆ ಏನೆಂದರೆ, ಇವು ನಾಲ್ಕು ಲೇಖನಗಳು. ಅಧ್ಯಾಯ ಇನ್ನೂ ಆಗಿಲ್ಲ.

ಹೋದ ವಾರ ಒಂದು ಕಿಡಿಗೇಡಿತನ ಮಾಡಿದೆ. ಪ್ರಿಂಟ್ ತೆಗೆಸಿ, ಭಾಗಗಳ ನಂಬರ್ ಮತ್ತು ಪುಟಸಂಖ್ಯೆ ಅಳಿಸಿ, ನೀರಗಂಟಿ ಭಾಗ ಮೊದಲು, ಆಮೇಲೆ ಕೆಸಿ ವ್ಯಾಲಿ, ಆಮೇಲೆ ಶಾಸನ, ಕೊನೆಗೆ ಕಮಿಷನರ್ ಕಾಲ, ಹೀಗೆ ಜೋಡಿಸಿ ನಮ್ಮ ವಿಭಾಗದ ಒಬ್ಬ ಸಹೋದ್ಯೋಗಿಗೆ ಕೊಟ್ಟೆ. ಓದಿ, 'ಒಳ್ಳೆ ಕೆಲಸ ಮಾಡಿದ್ದಾನೆ ಹುಡುಗ, ಈಗಿನಿಂದ ಹಿಂದಕ್ಕೆ ಹೋಗಿರುವುದು ಚೆನ್ನಾಗಿದೆ' ಅಂದರು! ಹಿಂದುಮುಂದಾದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಅವರು ಅಜಾಗರೂಕ ಓದುಗರಲ್ಲ, ನಿನಗೇ ಗೊತ್ತು. ನಿನ್ನ ಭಾಗಗಳಿಗೆ ಒಂದರ ಹಂಗು ಇನ್ನೊಂದಕ್ಕಿಲ್ಲ, ಅಷ್ಟೇ.

ಮೊದಲ ಭಾಗದ ಕೊನೆಯ ವಾಕ್ಯ ನೋಡು: 'ಹೀಗೆ ಕೆರೆಗಳು ಅಂದಿನ ಸಮಾಜದಲ್ಲಿ ಮಹತ್ವದ ಸ್ಥಾನ ಪಡೆದಿದ್ದವು.' ಎರಡನೇ ಭಾಗದ ಮೊದಲ ವಾಕ್ಯ: 'ಈ ಹಿನ್ನೆಲೆಯಲ್ಲಿ 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾಯಿತು.' ಯಾವ ಹಿನ್ನೆಲೆಯಲ್ಲಪ್ಪಾ? ಹದಿನಾಲ್ಕನೇ ಶತಮಾನದ ಒಂದು ದಾನಶಾಸನಕ್ಕೂ ಕಮಿಷನರ್ ಕಬ್ಬನ್ ಸಾಹೇಬರ ಇಲಾಖೆಗೂ ನಡುವೆ ಐನೂರು ವರ್ಷ ಇದೆ. 'ಈ ಹಿನ್ನೆಲೆಯಲ್ಲಿ' ಅನ್ನುವ ಮಾತು ಅಧ್ಯಾಯದಲ್ಲಿ ಹದಿನೇಳು ಸಲ ಬಂದಿದೆ, ಕೂತು ಎಣಿಸಿದೆ. ವಾದ ಇಲ್ಲದ ಕಡೆಯೆಲ್ಲ ಅದು ಬಂದು ಕೂತಿದೆ.

ಇದರಲ್ಲಿ ನನ್ನ ಪಾಲೂ ಇದೆ. ಮೊದಲ ಎರಡು ವರ್ಷ 'ಸಿಕ್ಕಿದ್ದೆಲ್ಲ ಕೂಡಿಹಾಕು, ಆಮೇಲೆ ನೋಡೋಣ' ಅಂದವನು ನಾನೇ. ಈಗ ಆ 'ಆಮೇಲೆ' ಬಂದಿದೆ.

ಸಂತೋಷದ ವಿಷಯವೂ ಇದೆ. ನಿನಗೆ ಬೇಕಾದ ವಾದ ಹೊರಗಿನಿಂದ ತರಬೇಕಿಲ್ಲ. ನಿನ್ನ ಅಧ್ಯಾಯದಲ್ಲೇ ಇದೆ, 47ನೇ ಅಡಿಟಿಪ್ಪಣಿಯಲ್ಲಿ, ಸಣ್ಣ ಅಕ್ಷರದಲ್ಲಿ. ಎಂಬತ್ತು ದಾಟಿದ ಆ ಹಿರಿಯ ನೀರಗಂಟಿ ನಿನಗೆ ಹೇಳಿದ್ದು: 'ಕೆಲಸ ಇತ್ತು ಅಂತ ಹೊಲ ಇತ್ತು. ಆಮೇಲೆ ಹೊಲ ನನ್ನ ಹೆಸರಿಗಾಯ್ತು, ಕೆಲಸ ಯಾರ ಹೆಸರಿಗೂ ಆಗ್ಲಿಲ್ಲ.'

ಇದನ್ನು ನೀನು ಅಡಿಟಿಪ್ಪಣಿಗೆ ಹಾಕಿದೆಯಲ್ಲೋ ಮಾರಾಯ!

ಈ ಎರಡು ವಾಕ್ಯ ಕೈಯಲ್ಲಿ ಹಿಡಿದುಕೊಂಡು ಮೊದಲ ಭಾಗಕ್ಕೆ ವಾಪಸ್ ಹೋಗು. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂದು ನೀನು ಅರ್ಥ ಬರೆದು ಮುಂದೆ ಹೋಗಿದ್ದೀಯ. ಅವು ಏನು ಹೇಳುತ್ತಿವೆ? ಕೆರೆ ಕಟ್ಟಿಸಿದವನಿಗೆ, ಒಡೆದದ್ದನ್ನು ಕಟ್ಟಿಸಿದವನಿಗೆ, ಆ ಕೆರೆಯ ಕೆಳಗೇ ಭೂಮಿ. ಹೂಳು ಹೊರುವ ಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ ಅಂತಲೂ ಭೂಮಿ ಬಿಟ್ಟ ಶಾಸನಗಳಿವೆ. ಅಂದರೆ ಕೆರೆಯ ಖರ್ಚು ಕೆರೆಯ ನೀರಿನಲ್ಲೇ ಬೆಳೆಯುತ್ತಿತ್ತು. ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ಎಂಬ ಶಾಪವನ್ನು ನೀನು 'ಧಾರ್ಮಿಕ ನಂಬಿಕೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಭೂಮಿ ಮತ್ತು ಕೆಲಸದ ಗಂಟು ಬಿಚ್ಚಿಹೋಗಬಹುದು ಅನ್ನುವ ಭಯ ಆಗಲೇ ಇತ್ತು ಅಂತ ಅದನ್ನು ಓದಬಹುದು, ಅಲ್ವಾ?

ಈಗ ಎರಡನೇ ಭಾಗ. 1860ರ ದಶಕದ ಇನಾಂ ವಿಚಾರಣೆ ಮತ್ತು ಕಂದಾಯ ಸರ್ವೆಯನ್ನು ನೀನು ಇಲಾಖೆಯ ಚರಿತ್ರೆಯ ನಡುವೆ ಎರಡು ಪ್ಯಾರಾ ಮಾಡಿ ತುರುಕಿದ್ದೀಯ. ನನ್ನ ಪ್ರಕಾರ ಭಾಗದ ಬೆನ್ನೆಲುಬೇ ಅದು. ಸ್ಯಾಂಕಿ ಯಾವಾಗ ಚೀಫ್ ಇಂಜಿನಿಯರ್ ಆದ, ಎಷ್ಟು ಕೆರೆ ದುರಸ್ತಿಗೆ ಎಷ್ಟು ಹಣ ಕೇಳಿದ ಎನ್ನುವುದೆಲ್ಲ ಇರಲಿ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಊರಿನ ಕೆಲಸಕ್ಕೆ ಅಂಟಿಕೊಂಡಿದ್ದ ಇನಾಂ ಭೂಮಿ ಆ ಹೊತ್ತಿನಲ್ಲಿ ಏನಾಯಿತು? ದುರಸ್ತಿಯ ಜವಾಬ್ದಾರಿ ಇಲಾಖೆಯ ಎಸ್ಟಿಮೇಟಿಗೆ ಹೋದಾಗ ಊರಿನವರು ಏನು ಮಾಡುವುದನ್ನು ನಿಲ್ಲಿಸಿದರು? 1876–78ರ ಬರದ ಹೊತ್ತಿಗೆ ನಿನ್ನ ತಾಲ್ಲೂಕಿನ ಕೆರೆಗಳ ಏರಿ, ತೂಬು ಯಾವ ಸ್ಥಿತಿಯಲ್ಲಿದ್ದವು? ಕಡತ ನಿನ್ನ ಹತ್ತಿರವೇ ಇದೆ. ಈ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದು.

1911ರ ಟ್ಯಾಂಕ್ ಪಂಚಾಯತ್ ರೆಗ್ಯುಲೇಷನ್ ಬಗ್ಗೆ ನೀನು 'ಜನರ ಸಹಭಾಗಿತ್ವಕ್ಕೆ ಒತ್ತು' ಎಂದು ಬರೆದಿದ್ದೀಯ. ಈಗಿನ ಯೋಜನಾ ವರದಿಗಳ ಭಾಷೆ ಅದು. ನನಗೆ ಕಾಣುವುದು ಇನ್ನೊಂದು: ಕೆಲಸವನ್ನು ಊರಿಗೆ ವಾಪಸ್ ಕೊಡುತ್ತಿದ್ದಾರೆ, ಭೂಮಿಯನ್ನಲ್ಲ. ಇದು ಸರಿಯೋ ತಪ್ಪೋ ನೀನೇ ಪರೀಕ್ಷೆ ಮಾಡು. ಸರಿಯಾದರೆ ಎರಡನೇ ಭಾಗದಿಂದ ಮೂರನೆಯದಕ್ಕೆ ಹೋಗಲು ಅದೇ ಬಾಗಿಲು.

ಯಾಕೆಂದರೆ ಮೂರನೇ ಭಾಗದಲ್ಲಿ 1961ರ ಗ್ರಾಮ ಕಚೇರಿ ರದ್ದತಿ ಕಾಯ್ದೆ ಬರುತ್ತದೆ. ವಂಶಪಾರಂಪರ್ಯದ ಊರ ಚಾಕರಿ ರದ್ದಾಯಿತು, ಚಾಕರಿಯ ಭೂಮಿ ಆ ಚಾಕರಿ ಮಾಡುತ್ತಿದ್ದವರಿಗೇ ಮರುಮಂಜೂರಾಗುವ ದಾರಿ ತೆರೆಯಿತು. ಆ ಹಿರಿಯರು ಹೇಳಿದ್ದು ಇದನ್ನೇ. ಇಲ್ಲಿ ಅವಸರ ಮಾಡಬೇಡ, ಅಧ್ಯಾಯದ ಅತಿ ಕಷ್ಟದ ಜಾಗ ಇದು. ನೀನು ಮಾತಾಡಿಸಿದ ನೀರಗಂಟಿಗಳೆಲ್ಲ ದಲಿತರು. ಅಪ್ಪ ಮಾಡಿದ ಅಂತ ಮಗನೂ ರಾತ್ರಿಯೆಲ್ಲ ಗದ್ದೆ ಬದುವಿನಲ್ಲಿ ನಿಲ್ಲಬೇಕಾಗಿದ್ದ ಚಾಕರಿಯಿಂದ ಅವರಿಗೆ ಬಿಡುಗಡೆ ಸಿಕ್ಕಿತು. ಭೂಮಿಗೆ ಅವರ ಹೆಸರಿನ ಪಹಣಿ ಬಂತು. ಅದೇ ಹೊತ್ತಿಗೆ ತೂಬು ತೆಗೆಯುವವರು ಇಲ್ಲದಂತಾಯಿತು. ಎರಡೂ ನಿಜ. 'ಹಿಂದಿನ ವ್ಯವಸ್ಥೆ ಚೆನ್ನಾಗಿತ್ತು, ಸರ್ಕಾರ ಹಾಳುಮಾಡಿತು' ಎಂದು ಬರೆದರೆ ಆ ಹಿರಿಯರಿಗೇ ಅನ್ಯಾಯ. ಅವರ ಮಾತಿನಲ್ಲಿ ಗೊಣಗಾಟವೂ ಇದೆ, ಸಮಾಧಾನವೂ ಇದೆ. ಮತ್ತೊಮ್ಮೆ ರೆಕಾರ್ಡಿಂಗ್ ಕೇಳು. ಆ ಮಾತಾದ ಮೇಲೆ ಅವರು ನಕ್ಕರು ಅಂತ ನೀನು ಆವತ್ತು ಕ್ಯಾಂಟೀನಿನಲ್ಲಿ ಹೇಳಿದ್ದೆ. ಬರವಣಿಗೆಯಲ್ಲಿ ಆ ನಗು ಎಲ್ಲಿ ಹೋಯಿತು?

ನಾಲ್ಕನೇ ಭಾಗವನ್ನು ಐದನೇ ಅಧ್ಯಾಯಕ್ಕೆ ಹಾಕು ಅಂತ ಮೊದಲು ಅಂಚಿನಲ್ಲಿ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಆದರೆ ಅದು ಅಂತರ್ಜಲಕ್ಕೆ ಮಾತ್ರ, ನೇರವಾಗಿ ಗದ್ದೆಗೆ ಬಿಡುವ ಹಾಗಿಲ್ಲ. ಯೋಚಿಸಿ ನೋಡು. ಕೆರೆ ತುಂಬಿದೆ, ತೂಬು ಮುಚ್ಚಿದೆ. ರೈತನಿಗೂ ಕೆರೆಗೂ ನಡುವೆ ಈಗ ಇರುವುದು ಅವನ ಬೋರ್‌ವೆಲ್ ಮಾತ್ರ. ನೀರು ಹಂಚಲು ಯಾರೂ ಬೇಡ. ನಿನ್ನ ಹದಿನಾಲ್ಕು ಪುಟದಲ್ಲಿ ಪೈಪಿನ ಉದ್ದ, ಹಂತಗಳು, ನೀರಿನ ಗುಣಮಟ್ಟದ ವಿವಾದ ಎಲ್ಲ ಇದೆ, ಇದೊಂದು ಇಲ್ಲ. ಇದನ್ನಿಟ್ಟುಕೊಂಡು ನಾಲ್ಕೈದು ಪುಟಕ್ಕೆ ಇಳಿಸು. ಗುಣಮಟ್ಟದ ವಿವಾದ ಮುಖ್ಯವೇ, ಆದರೆ ಈ ಅಧ್ಯಾಯದ ಮಾತಲ್ಲ.

ಹಾಗಾದರೆ ಪ್ರಶ್ನೆ ಒಂದೇ: ಕೆರೆ ನೋಡಿಕೊಳ್ಳುವವನ ಹೊಟ್ಟೆಗೆ ಎಲ್ಲಿಂದ ಬರುತ್ತಿತ್ತು, ಅದು ತಪ್ಪಿದಾಗ ಕೆರೆಗೇನಾಯಿತು? ಪ್ರತಿ ಭಾಗವೂ ಇದಕ್ಕೆ ಒಂದು ಉತ್ತರ ಕೊಡಬೇಕು. ಹಿಂದಿನ ಭಾಗದ ಉತ್ತರ ಯಾಕೆ ಸಾಲದೇ ಹೋಯಿತು ಎಂಬುದರಿಂದ ಮುಂದಿನದು ಶುರುವಾಗಬೇಕು. ಹಾಗೆ ಆದಾಗ ನಾನು ಪುಟ ಕಲಸಿ ಯಾರಿಗೆ ಕೊಟ್ಟರೂ ಸಿಕ್ಕಿಬೀಳುತ್ತೇನೆ.

ಆದರೆ ಇದು ನನ್ನ ಊಹೆ. ನಿನ್ನ ಸಾಮಗ್ರಿ ಬೇರೆ ಹೇಳಿದರೆ ಅದನ್ನೇ ಕೇಳು. ಉದಾಹರಣೆಗೆ, ಬಿತ್ತುವಟ್ಟ ಪಡೆದವರು ನಿಜವಾಗಿ ಕೆರೆ ನೋಡಿಕೊಂಡರೋ, ಇಲ್ಲ ಊರಿನ ದೊಡ್ಡವರಾಗಿ ಸುಮ್ನೆ ಭೂಮಿ ಉಂಡರೋ? ಶಾಸನ ಕೊಟ್ಟದ್ದನ್ನು ಹೇಳುತ್ತದೆ, ಮಾಡಿದ್ದನ್ನಲ್ಲ. ಇದಕ್ಕೆ ನಡುವಿನ ಆ ಐನೂರು ವರ್ಷದಿಂದ ಒಂದಾದರೂ ಸಾಕ್ಷಿ ಬೇಕು. ಈಸ್ಟ್ ಇಂಡಿಯಾ ಕಂಪನಿ ಸರ್ವೆಗೆ ಕಳಿಸಿದ ಬುಕಾನನ್ 1800–01ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ನಿನ್ನ ಸೀಮೆಯಲ್ಲೂ ಓಡಾಡಿದ್ದಾನೆ. ಅವನು ಕಂಪನಿಯ ಕಣ್ಣಿನಿಂದ ನೋಡಿದವನು, ಎಚ್ಚರದಿಂದ ಓದು. ಆದರೆ ಅವನನ್ನು ಪೂರ್ತಿ ಬಿಟ್ಟಿರುವುದು ಸರಿಯಲ್ಲ.

ಒಂದು ಭಯ ಇದೆ. ನೀನು ಈ ಕಾಗದ ಓದಿ, ಇವತ್ತು ರಾತ್ರಿಯೇ ಪ್ರತಿ ಭಾಗದ ಹಿಂದೆ ಮುಂದೆ ಎರಡೆರಡು ವಾಕ್ಯ ಅಂಟಿಸಿ, ನಾಳೆ ಮೇಲ್ ಮಾಡಿಬಿಡುತ್ತೀಯ. ಬೇಡ. ಮೊದಲು ಅಧ್ಯಾಯ ಮುಚ್ಚಿಡು. ಫೈಲ್ ತೆರೆಯದೆ, ಕೈಬರಹದಲ್ಲಿ, ಮೂರು ಪುಟದಲ್ಲಿ ಇಡೀ ವಾದ ಬರೆ. ಶಾಸನದ ನಂಬರು, ಕಡತದ ನಂಬರು ಯಾವುದೂ ಬೇಡ. ನಿಮ್ಮ ಅಕ್ಕನಿಗೆ ಓದಿ ಹೇಳು, ಅವರು ಸ್ಕೂಲಿನಲ್ಲಿ ಗಣಿತ ಹೇಳುವವರಲ್ವಾ, ಎಲ್ಲಿ ಹೆಜ್ಜೆ ತಪ್ಪಿದರೂ ಹಿಡಿಯುತ್ತಾರೆ. ಆಮೇಲೆ ಹಳೆಯ ಅಧ್ಯಾಯ ತೆರೆದು, ಆ ಮೂರು ಪುಟಕ್ಕೆ ಬೇಕಾದದ್ದನ್ನು ಮಾತ್ರ ಒಳಗೆ ತಾ. ಅರವತ್ತೆರಡು ಪುಟ ನಲವತ್ತಾದರೂ ಚಿಂತೆಯಿಲ್ಲ. ಉಳಿದದ್ದು ಎಲ್ಲಿಗೂ ಹೋಗುವುದಿಲ್ಲ, ಒಂದೆರಡು ಲೇಖನವಾಗುತ್ತದೆ.

ಆಗಸ್ಟಿನಲ್ಲಿ ಸಮಿತಿಯ ಮುಂದೆ ಮಂಡನೆ ಇದೆ ಅನ್ನುವ ಆತಂಕ ನಿನಗಿದೆ, ಗೊತ್ತು. ಪೂರ್ತಿ ಅಧ್ಯಾಯ ಆಗ ಸಿದ್ಧವಿರಬೇಕಿಲ್ಲ. ಆ ಮೂರು ಪುಟ ಗಟ್ಟಿಯಿದ್ದರೆ ಸಾಕು, ಉಳಿದದ್ದು ನಾನು ಮಾತಾಡುತ್ತೇನೆ. ಫೆಲೋಶಿಪ್ ವಿಸ್ತರಣೆಯ ಅರ್ಜಿಗೆ ಸಹಿ ಮಾಡಿಟ್ಟಿದ್ದೇನೆ, ಕಚೇರಿಯಿಂದ ತೆಗೆದುಕೋ.

ಜುಲೈ 8, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಬಾ. ಮೂರು ಪುಟ ತಾ, ಆ ಹಿರಿಯರ ರೆಕಾರ್ಡಿಂಗ್ ಕೂಡ. ಅವರು ನಕ್ಕದ್ದು ನಾನೂ ಕೇಳಬೇಕು.

ಇಂತು,
ನಿನ್ನ ಮೇಷ್ಟ್ರು

ಮತ್ತೆ: 38ನೇ ಪುಟದಲ್ಲಿ 'ಕೋಡಿ' ಇರಬೇಕಾದ ಎರಡು ಕಡೆ 'ತೂಬು' ಅಂತಾಗಿದೆ. ಹೆಚ್ಚಾದ ನೀರು ಕೋಡಿಯಲ್ಲಿ ಹರಿಯುತ್ತದೆ. ಕೆರೆ ಊರಿನ ಹುಡುಗ ನೀನು, ಇದು ಪರೀಕ್ಷಕರ ಕಣ್ಣಿಗೆ ಬೀಳುವ ಮೊದಲು ತಿದ್ದು.