ಹತ್ತನೇ ಹಾಸಿಗೆಯ ರೋಗಿಯ ಹಿಸ್ಟರಿ: ನಾಳೆಯ ಪ್ರಸ್ತುತಿಗೆ ಸರಿಪಡಿಸಿದ ಕ್ರಮ

ಪೂರ್ಣಿಮಾ,

ನಿನ್ನ ಬರಹವನ್ನು ಎರಡು ಸಲ ಓದಿದೆ. ಕೇಳಬೇಕಾದದ್ದನ್ನೆಲ್ಲ ಕೇಳಿದ್ದೀಯೆ, ಬಿಟ್ಟಿರುವುದು ಬಹಳ ಕಡಿಮೆ. ಆದರೆ ಅವರು ಹೇಳಿದ ಸಾಲಿನಲ್ಲೇ ಬರೆದಿರುವುದರಿಂದ ಕೇಳುವವರಿಗೆ ಕಾಯಿಲೆ ಕಾಣುವುದಿಲ್ಲ. ನೀನು ಬರೆದದ್ದು ಹೀಗಿದೆ:

"ಕಣ್ಣು ಹಳದಿಯಾಗಿದೆ ಎಂದು ಹೆಂಡತಿ ಹೇಳಿದರು. ಕಾಲು ನೋಯುತ್ತದೆ, ಕೂತರೆ ಏಳಲು ಆಗುವುದಿಲ್ಲ. ವಾರಕ್ಕೆ ಮೂರು ದಿನ ಕುಡಿಯುತ್ತಾರೆ. ಜ್ವರ ಬಂದ ದಿನ ಮೂತ್ರ ಕೆಂಪಗೆ ಹೋಯಿತು. ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಂಡರು. ಸಕ್ಕರೆ ಕಾಯಿಲೆ ಇಲ್ಲ. ಎರಡು ಸಲ ವಾಂತಿ. ಈಗ ಮೂತ್ರ ಸರಿಯಾಗಿ ಹೋಗುತ್ತಿಲ್ಲ. ಪಕ್ಕದ ಲೈನ್ ಮನೆಯವರಿಗೂ ಜ್ವರ ಬಂದಿತ್ತು. ನಾಟಿಗೆ ಹೋಗಿದ್ದರು, ಹಿಮ್ಮಡಿಯಲ್ಲಿ ಗಾಯವಿದೆ."

ಕೊನೆಯ ಸಾಲು ಈ ಇಡೀ ಕೇಸಿನ ಬೇರು. ಅದು ಮೂಲೆಯಲ್ಲಿ ಬಿದ್ದಿದೆ. ಮೂತ್ರದ ಮಾತು ಎರಡು ಕಡೆ ಬಂದಿದೆ, ಎರಡರ ನಡುವೆ ಐದು ದಿನಗಳಿವೆ ಎಂಬುದೇ ಗೊತ್ತಾಗುವುದಿಲ್ಲ. ಈ ಗೊಂದಲದಿಂದಾಗಿ ನೀನು ಅಂಚಿನಲ್ಲಿ "ಮೂತ್ರದಲ್ಲಿ ರಕ್ತ" ಎಂದು ಬರೆದುಬಿಟ್ಟಿದ್ದೀಯೆ. ಸಂಜೆ ನಾನು ಅವರ ಬಳಿ ಕೂತು ತಾರೀಖು ಹಿಡಿದು ಕೇಳಿದೆ. ಆಗಸ್ಟ್ 3ರಂದು, ಕಕ್ಕಡ ಹದಿನೆಂಟರ ರಾತ್ರಿ, ತೋಟದ ಮಾಲೀಕರ ಮನೆಯಿಂದ ಬಂದ ಮದ್ದು ಸೊಪ್ಪಿನ ಪಾಯಸವನ್ನು ಮನೆಯವರೆಲ್ಲ ತಿಂದಿದ್ದರು. ಮಾರನೇ ಬೆಳಿಗ್ಗೆ ಎಲ್ಲರ ಮೂತ್ರವೂ ಕೆಂಪಗೇ ಇತ್ತು, ಮಕ್ಕಳದೂ ಸೇರಿ. ಆ ಸೊಪ್ಪಿನ ಬಣ್ಣ ಮೂತ್ರಕ್ಕೆ ಇಳಿಯುತ್ತದೆ ಎಂಬುದು ಇಲ್ಲಿ ಹುಟ್ಟಿ ಬೆಳೆದವರಿಗೆ ಹೊಸದಲ್ಲ, ನೀನು ಹೊರಗಿನಿಂದ ಬಂದವಳು, ಗೊತ್ತಿರಲಿಲ್ಲ. ಅದೇ ಸಂಜೆ ಜ್ವರ ಬಂದಿದ್ದರಿಂದ ಅವರ ನೆನಪಿನಲ್ಲಿ ಎರಡೂ ಒಂದೇ ಗಂಟಾಗಿ ಉಳಿದಿವೆ.

ಕೆಳಗಿನದನ್ನು ನಾಳೆ ಹೀಗೆಯೇ ಓದು. ನಡುವೆ ಆವರಣದಲ್ಲಿರುವುದು ನಿನಗಾಗಿ, ಅದನ್ನು ಓದಬೇಡ.

ರೋಗಿಯ ಪರಿಚಯ
46 ವರ್ಷದ ಪುರುಷ, ಕಾಫಿ ತೋಟದ ಕಾರ್ಮಿಕ, ನಾಪೋಕ್ಲು ಕಡೆಯ ಲೈನ್ ಮನೆಯಲ್ಲಿ ವಾಸ. ಆಗಸ್ಟ್ 10ರ ಬೆಳಿಗ್ಗೆ ದಾಖಲಾಗಿದ್ದಾರೆ. ವಿವರ ಕೊಟ್ಟವರು ರೋಗಿ ಮತ್ತು ಅವರ ಪತ್ನಿ. ಮಾಹಿತಿ ನಂಬಲರ್ಹ.

ಮುಖ್ಯ ದೂರುಗಳು
ಜ್ವರ, 6 ದಿನದಿಂದ.
ಮೈಕೈ ನೋವು, 6 ದಿನದಿಂದ.
ಕಣ್ಣು ಹಳದಿ, 2 ದಿನದಿಂದ.
ಮೂತ್ರ ಕಡಿಮೆ, 1 ದಿನದಿಂದ.

(ಮೊದಲು ಬಂದದ್ದು ಮೊದಲು. ಅವರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಹಳದಿ ಕಣ್ಣು, ಹಾಗಾಗಿ ಅದನ್ನೇ ಮೊದಲು ಹೇಳಿದರು. ನೀನೂ ಅದರಿಂದ ಶುರು ಮಾಡಿದರೆ ಕೇಳುವವರ ಯೋಚನೆ ಪಿತ್ತಕೋಶದ ಕಲ್ಲಿನ ಕಡೆ ಹೋಗುತ್ತದೆ.)

ಪ್ರಸ್ತುತ ಕಾಯಿಲೆಯ ವಿವರ
ಆಗಸ್ಟ್ 4ರ ಸಂಜೆಯವರೆಗೆ ರೋಗಿ ಆರೋಗ್ಯವಾಗಿದ್ದು ಕೆಲಸಕ್ಕೆ ಹೋಗುತ್ತಿದ್ದರು. ಅಂದು ಸಂಜೆ ಚಳಿಯೊಂದಿಗೆ ಇದ್ದಕ್ಕಿದ್ದಂತೆ ಜ್ವರ ಬಂದಿತು. ಮಾತ್ರೆ ತೆಗೆದುಕೊಂಡಾಗ ಕೆಲವು ಗಂಟೆ ಇಳಿದು ಮತ್ತೆ ಏರುತ್ತಿತ್ತು, ಪೂರ್ತಿ ಬಿಟ್ಟ ದಿನವಿಲ್ಲ. ದಿನ ಬಿಟ್ಟು ದಿನ ಬರುವ ಲಕ್ಷಣವಿಲ್ಲ.

ಜ್ವರದ ಜೊತೆಯಲ್ಲೇ ಮೈಕೈ ನೋವು ಆರಂಭವಾಯಿತು. ಎರಡೂ ಕಾಲಿನ ಮೀನಖಂಡ ಮತ್ತು ಸೊಂಟದಲ್ಲಿ ಹೆಚ್ಚು. ಮೂರನೇ ದಿನದಿಂದ ನೆಲದಲ್ಲಿ ಕೂತರೆ ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. ಹಣೆಯ ಭಾಗದಲ್ಲಿ ತಲೆನೋವಿತ್ತು. ಆಗಸ್ಟ್ 6ರಂದು ಎರಡು ಸಲ ವಾಂತಿಯಾಯಿತು, ತಿಂದ ಆಹಾರ ಮಾತ್ರ, ರಕ್ತವಿರಲಿಲ್ಲ.

ಆಗಸ್ಟ್ 5ರಂದು ಔಷಧದ ಅಂಗಡಿಯಿಂದ ಪ್ಯಾರಾಸಿಟಮಾಲ್ ತಂದು ನುಂಗಿದರು. ಆಗಸ್ಟ್ 7ರಂದು ಒಂದು ಕ್ಲಿನಿಕ್‌ನಲ್ಲಿ ನೋವಿಗೆಂದು ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ಚೀಟಿ ಇಲ್ಲ, ಔಷಧದ ಹೆಸರು ತಿಳಿದಿಲ್ಲ.

(ಇದನ್ನು ಕೊನೆಯ ಚಿಕಿತ್ಸೆಯ ವಿವರಕ್ಕೆ ತಳ್ಳಬೇಡ. ನೋವಿನ ಇಂಜೆಕ್ಷನ್ ಆದ ಎರಡು ದಿನಕ್ಕೆ ಮೂತ್ರ ಕಡಿಮೆಯಾಗಿದೆ. ಡೈಕ್ಲೋಫೆನಾಕ್‌ನಂಥದ್ದಾಗಿದ್ದರೆ ಮೂತ್ರಪಿಂಡಕ್ಕೆ ಅದರಿಂದಲೂ ಪೆಟ್ಟು ಬಿದ್ದಿರಬಹುದು. ಆ ಪ್ರಶ್ನೆ ಬಂದೇ ಬರುತ್ತದೆ.)

ಆಗಸ್ಟ್ 8ರ ಬೆಳಿಗ್ಗೆ ಪತ್ನಿ ಕಣ್ಣು ಹಳದಿಯಾದದ್ದನ್ನು ಗಮನಿಸಿದರು. ಅಂದಿನಿಂದ ಮೂತ್ರ ಗಾಢ ಹಳದಿ. ಹಳದಿ ಕಾಣಿಸಿಕೊಂಡ ಮೇಲೂ ಜ್ವರ ಇಳಿದಿಲ್ಲ. ಮೈ ತುರಿಕೆ ಇಲ್ಲ, ಮಲ ಬಿಳಿಚಿಲ್ಲ. ಆಗಸ್ಟ್ 9ರ ಬೆಳಿಗ್ಗೆ ಕಾಮಾಲೆಗೆಂದು ಒಂದು ಸಲ ನಾಟಿ ಮದ್ದು ಕುಡಿದಿದ್ದಾರೆ.

ಆಗಸ್ಟ್ 9ರಿಂದ ಮೂತ್ರ ಕಡಿಮೆಯಾಗಿದೆ. ಮೊದಲು ದಿನಕ್ಕೆ ಐದಾರು ಸಲ ಹೋಗುತ್ತಿದ್ದವರು ದಾಖಲಾಗುವ ಮುಂಚಿನ 24 ಗಂಟೆಗಳಲ್ಲಿ ಎರಡು ಸಲ, ಅದೂ ಸ್ವಲ್ಪವೇ ಹೋಗಿದ್ದಾರೆ. ಉರಿ ಇಲ್ಲ, ಮುಖದ ಊತವಿಲ್ಲ. ಆಗಸ್ಟ್ 4ರ ಬೆಳಿಗ್ಗೆ, ಜ್ವರ ಬರುವ ಮುನ್ನ, ಮೂತ್ರ ಕೆಂಪಾಗಿದ್ದು ಅಂದೇ ಸಂಜೆಗೆ ತಿಳಿಯಾಯಿತು. ಹಿಂದಿನ ರಾತ್ರಿ ಮದ್ದು ಸೊಪ್ಪಿನ ಪಾಯಸ ತಿಂದಿದ್ದರು, ತಿಂದ ಎಲ್ಲರಿಗೂ ಹಾಗೆಯೇ ಆಗಿತ್ತು. ಆಮೇಲೆ ಮತ್ತೆ ಕೆಂಪು ಕಂಡಿಲ್ಲ.

ಜುಲೈ 20ರಿಂದ 28ರವರೆಗೆ ಗದ್ದೆ ನಾಟಿಗೆ ಹೋಗಿ, ದಿನವಿಡೀ ಬರಿಗಾಲಿನಲ್ಲಿ ಕೆಸರಿನಲ್ಲಿ ನಿಂತಿದ್ದರು. ಜುಲೈ 22ರಂದು ಬಲ ಹಿಮ್ಮಡಿಗೆ ಗಾಯವಾಗಿದ್ದು, ಬಟ್ಟೆ ಕಟ್ಟಿಕೊಂಡು ಕೆಲಸ ಮುಂದುವರಿಸಿದರು. ಮನೆಯಲ್ಲಿ ಅಕ್ಕಿ ಮೂಟೆಯ ಬಳಿ ಇಲಿಗಳ ಓಡಾಟವಿದೆ. ಅದೇ ಗದ್ದೆಗೆ ಬಂದಿದ್ದ ಪಕ್ಕದ ಮನೆಯ ವ್ಯಕ್ತಿಗೂ ಒಂದು ವಾರದ ಹಿಂದೆ ಜ್ವರವಿತ್ತು.

(ಗದ್ದೆಯ ಕೆಸರಿಗೂ ಜ್ವರಕ್ಕೂ ನಡುವೆ ಏಳರಿಂದ ಹದಿನೈದು ದಿನ. ಇಲಿ ಜ್ವರ ಸಾಮಾನ್ಯವಾಗಿ ತಲೆದೋರುವ ಅವಧಿಗೆ ಇದು ಹೊಂದುತ್ತದೆ. ಅದಕ್ಕೇ ತಾರೀಖುಗಳನ್ನು ನುಂಗದೆ ಓದು.)

ಕೆಮ್ಮು, ಕಫದಲ್ಲಿ ರಕ್ತ, ಉಸಿರಾಟದ ತೊಂದರೆ ಇಲ್ಲ. ವಸಡು, ಮೂಗು, ಮಲದಲ್ಲಿ ರಕ್ತಸ್ರಾವವಿಲ್ಲ. ಚರ್ಮದ ಮೇಲೆ ಗುಳ್ಳೆ ಎದ್ದಿಲ್ಲ. ಅಪಸ್ಮಾರ, ಮಂಪರು, ಕತ್ತು ಬಿಗಿತ ಇಲ್ಲ. ಹೊಟ್ಟೆ ಊದಿಲ್ಲ. ಇತ್ತೀಚೆಗೆ ಕಾಡಿಗೆ ಸೌದೆ ತರಲು ಹೋಗಿಲ್ಲ, ಹುಳ ಕಚ್ಚಿದ ನೆನಪಿಲ್ಲ. ಬೇರೆ ಊರಿಗೆ ಪ್ರಯಾಣವಿಲ್ಲ.

(ಈ "ಇಲ್ಲ"ಗಳನ್ನು ಗಡಿಬಿಡಿಯಲ್ಲಿ ಉದುರಿಸಬೇಡ. ಮೊದಲ ಸಾಲು ಶ್ವಾಸಕೋಶದ ತೊಡಕಿಗೆ, ಕೊನೆಯೆರಡು ಸ್ಕ್ರಬ್ ಟೈಫಸ್ ಮತ್ತು ಮಲೇರಿಯಾಕ್ಕೆ. ಪ್ರತಿಯೊಂದನ್ನೂ ಯಾಕೆ ಕೇಳಿದೆ ಎಂದು ನಿನಗೆ ಗೊತ್ತಿರಬೇಕು.)

ಹಿಂದಿನ ಕಾಯಿಲೆಗಳು
ಮಧುಮೇಹ, ರಕ್ತದೊತ್ತಡ, ಕ್ಷಯ, ಮೂತ್ರಪಿಂಡದ ಕಾಯಿಲೆ ಇಲ್ಲ. ಹಿಂದೆ ಕಾಮಾಲೆ ಬಂದಿಲ್ಲ. ಶಸ್ತ್ರಚಿಕಿತ್ಸೆ, ರಕ್ತ ಪಡೆದದ್ದು ಇಲ್ಲ. ಯಾವ ಔಷಧಕ್ಕೂ ಅಲರ್ಜಿ ಇಲ್ಲ, ದಿನನಿತ್ಯದ ಮಾತ್ರೆಯಿಲ್ಲ.

ಕುಟುಂಬ
ಪತ್ನಿ, ಇಬ್ಬರು ಮಕ್ಕಳು. ಮನೆಯಲ್ಲಿ ಯಾರಿಗೂ ಜ್ವರ, ಕಾಮಾಲೆ ಇಲ್ಲ.

ವೈಯಕ್ತಿಕ ವಿವರ
ಮಿಶ್ರಾಹಾರ. ನಾಲ್ಕು ದಿನದಿಂದ ಹಸಿವು ಕಡಿಮೆ, ನೋವಿನಿಂದ ನಿದ್ದೆ ಸರಿಯಿಲ್ಲ, ಮಲವಿಸರ್ಜನೆ ಸಹಜ. 15 ವರ್ಷದಿಂದ ವಾರಕ್ಕೆ ಮೂರು ದಿನ, ಪ್ರತಿಸಲ ಸುಮಾರು 90 ಮಿಲಿಲೀಟರ್ ಮದ್ಯ. ಕೊನೆಯ ಸಲ ಜುಲೈ 31. ಎಲೆಯಡಿಕೆಯ ಜೊತೆ ತಂಬಾಕು ಜಗಿಯುತ್ತಾರೆ. ಕುಡಿಯುವ ನೀರು ತೆರೆದ ಬಾವಿಯದು, ಕಾಯಿಸುವುದಿಲ್ಲ.

(ಕುಡಿತದ ಜಾಗ ಇದು. ನಿನ್ನ ಬರಹದಲ್ಲಿ ಅದು ಮೂರನೇ ಸಾಲಿನಲ್ಲಿತ್ತು. ಅಷ್ಟು ಮುಂದೆ ಹೇಳಿದರೆ ಕೂಲಿ ಮಾಡುವವರು ಕುಡಿದು ಯಕೃತ್ತು ಕೆಡಿಸಿಕೊಂಡರು ಎಂಬ ತೀರ್ಮಾನ ಯಾರ ಬಾಯಲ್ಲಾದರೂ ಬಂದುಬಿಡುತ್ತದೆ. ಅವರಿಗೆ ಅದು ಅನ್ಯಾಯ.)

ಸಾರಾಂಶ
46 ವರ್ಷದ ತೋಟದ ಕಾರ್ಮಿಕ, ಹಿಮ್ಮಡಿಯ ಗಾಯದೊಂದಿಗೆ ಗದ್ದೆಯ ಕೆಸರಿನಲ್ಲಿ ದುಡಿದವರು. ಚಳಿ ಸಹಿತ 6 ದಿನದ ಜ್ವರ, ಮೀನಖಂಡದ ತೀವ್ರ ನೋವು, ಜ್ವರ ಇರುವಾಗಲೇ ಕಾಣಿಸಿಕೊಂಡ ಕಾಮಾಲೆ, ನಂತರ ಮೂತ್ರದ ಇಳಿಕೆ. ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಬಾಧಿಸಿದ ತೀವ್ರ ಲೆಪ್ಟೋಸ್ಪೈರೋಸಿಸ್ ಮೊದಲ ಅನುಮಾನ. ಮಲೇರಿಯಾ, ಸ್ಕ್ರಬ್ ಟೈಫಸ್, ಡೆಂಗ್ಯೂ, ವೈರಲ್ ಹೆಪಟೈಟಿಸ್ ಪರಿಗಣಿಸಬೇಕಾದ ಇತರ ಕಾರಣಗಳು.

ನಾಳೆ ರೌಂಡ್ಸ್‌ಗೆ ಮುಂಚೆ, ಏಳು ಗಂಟೆಯೊಳಗೆ ಅವರ ಬಳಿ ಹೋಗು. ರಾತ್ರಿಯ ಮೂತ್ರದ ಅಳತೆಯನ್ನು ದಾದಿಯರ ಪಟ್ಟಿಯಿಂದ ಬರೆದುಕೊ, ಕೆಮ್ಮು ಶುರುವಾಗಿದೆಯೇ ಎಂದು ಮತ್ತೊಮ್ಮೆ ಕೇಳು. ಪತ್ನಿ ಬೆಳಗಿನ ಬಸ್ಸಿಗೆ ಬರುತ್ತಾರೆ, ಕ್ಲಿನಿಕ್ಕಿನ ಚೀಟಿಯನ್ನು ಮನೆಯಲ್ಲಿ ಹುಡುಕಿ ತರುವುದಾಗಿ ನನಗೆ ಹೇಳಿದ್ದಾರೆ.