ಹೊಸದನ್ನ ಮೊದ್ಲು ಯಾರು ತಗೋತಾರೆ, ಕೊನೇಲಿ ಯಾರು: ಬಿಬಿಎ ನಾಲ್ಕನೇ ಸೆಮ್‌ಗೆ ಪ್ರಾಕ್ಟೀಸ್ ಕ್ವಿಜ್

ಸೋಮವಾರ ಇಂಟರ್ನಲ್ಸ್ ಇದೆ, ಹೊಸ ವಸ್ತು ಜನರಲ್ಲಿ ಹೇಗೆ ಹರಡತ್ತೆ ಅನ್ನೋ ಈ ಚಾಪ್ಟರಿಂದ ಪ್ರಶ್ನೆ ಬಂದೇ ಬರತ್ತೆ. ಉತ್ತರ ಕೆಳಗೇ ಕೊಟ್ಟಿದೀನಿ, ಆದ್ರೆ ಮುಚ್ಕೊಂಡು ಮೊದ್ಲು ನೀವೇ ಬರೀರಿ. ಬರೀ ಪರ್ಸೆಂಟೇಜ್ ಬಾಯಿಪಾಠ ಮಾಡಿದ್ರೆ ಎರಡು ಮಾರ್ಕ್ಸ್ ಸಿಗತ್ತೆ ಅಷ್ಟೇ, ಯಾರು ಯಾರ ಮಾತು ನಂಬ್ತಾರೆ ಅನ್ನೋದು ಗೊತ್ತಾದ್ರೆ ಮಾತ್ರ ಮಾರ್ಕೆಟಿಂಗ್ ಪ್ರಶ್ನೆಗೆ ಉತ್ತರ ಬರೆಯೋಕ್ಕಾಗೋದು.

1. ಹೊಸದನ್ನ ತಗೊಳ್ಳೋರನ್ನ ಅಮೆರಿಕದ ಸಮಾಜಶಾಸ್ತ್ರಜ್ಞ ಎವರೆಟ್ ರೋಜರ್ಸ್ 1962ರಲ್ಲಿ ವಿಂಗಡಿಸಿದ ಐದು ಗುಂಪು, ಮೊದಲಿಂದ ಕೊನೇವರೆಗೆ, ಶೇಕಡಾ ಎಷ್ಟೆಷ್ಟು?
ಅ) 5, 15, 30, 30, 20
ಆ) 2.5, 13.5, 34, 34, 16
ಇ) 10, 20, 40, 20, 10

ಉತ್ತರ: ಆ. ಇನ್ನೊವೇಟರ್ಸ್ 2.5, ಅರ್ಲಿ ಅಡಾಪ್ಟರ್ಸ್ 13.5, ಅರ್ಲಿ ಮೆಜಾರಿಟಿ 34, ಲೇಟ್ ಮೆಜಾರಿಟಿ 34, ಲ್ಯಾಗಾರ್ಡ್ಸ್ 16. ಈ ನಂಬರ್‌ಗಳು ಸರ್ವೆ ಮಾಡಿ ತಂದಿದ್ದಲ್ಲ. ಜನ ಯಾವಾಗ ಕೊಂಡ್ರು ಅನ್ನೋದನ್ನ ಬೆಲ್ ಕರ್ವ್ ಮೇಲೆ ಹಾಕಿ, ಸರಾಸರಿಯಿಂದ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್, ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಅಂತ ಗೆರೆ ಎಳೆದಾಗ ಬಂದಿದ್ದು. ಎಡಗಡೆ ಎರಡು ಗೆರೆ ಇದೆ, ಬಲಗಡೆ ಒಂದೇ, ಅದಕ್ಕೇ ಕೊನೇ ಗುಂಪು 16 ಆಗಿ ಉಳಿದಿದೆ.

2. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬಿತ್ತನೆ ಬೀಜ ಹರಡಿದ ಬಗ್ಗೆ ಸಮಾಜಶಾಸ್ತ್ರಜ್ಞರಾದ ರಯಾನ್ ಮತ್ತು ಗ್ರಾಸ್ 1943ರಲ್ಲಿ ಬರೆದ್ರು. ಬೀಜದ ವಿಷಯ ರೈತರ ಕಿವಿಗೆ ಹೆಚ್ಚಾಗಿ ಹಾಕಿದ್ದು ಯಾರು? ಕೊನೆಗೆ 'ಸರಿ, ಹಾಕೋಣ' ಅಂತ ಅನ್ನಿಸಿದ್ದು ಯಾರು?

ಉತ್ತರ: ವಿಷಯ ತಲುಪಿಸಿದ್ದು ಹೆಚ್ಚಾಗಿ ಬೀಜ ಕಂಪನಿಯ ಸೇಲ್ಸ್‌ಮನ್, ಒಪ್ಪಿಸಿದ್ದು ಪಕ್ಕದ ಹೊಲದವರು. ಇಡೀ ಚಾಪ್ಟರ್‌ನಲ್ಲಿ ನಂಗೆ ತುಂಬಾ ಇಷ್ಟವಾದ ಕೇಸ್ ಇದು, ನಿಧಾನವಾಗಿ ಓದಿ. ಅಲ್ಲೀವರೆಗೂ ರೈತರು ತಮ್ಮ ಬೆಳೆಯಿಂದಲೇ ಬೀಜ ಎತ್ತಿಟ್ಕೊಳ್ತಿದ್ರು, ಹೈಬ್ರಿಡ್ ಆದ್ರೆ ಪ್ರತಿ ವರ್ಷ ದುಡ್ಡು ಕೊಟ್ಟು ತರಬೇಕು, ಇಳುವರಿ ಜಾಸ್ತಿ ಅಂತ ಯಾರೋ ಹೇಳಿದ್ರು ಅಂತ ಅಭ್ಯಾಸ ಬಿಡೋರು ಎಷ್ಟು ಜನ ಇರ್ತಾರೆ ಹೇಳಿ. ಅದಕ್ಕೆ ಮೊದಮೊದಲು ಹಾಕಿದವರು ಸಣ್ಣ ಜಾಗದಲ್ಲಿ ಹಾಕಿ ನೋಡಿದ್ರು, ವರ್ಷ ವರ್ಷ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿದ್ರು, ಅದನ್ನ ಬೇಲಿ ಆಚೆಯಿಂದ ನೋಡಿದವರು ಆಮೇಲೆ ಬಂದ್ರು. 1941ರ ಹೊತ್ತಿಗೆ ಅಧ್ಯಯನದಲ್ಲಿದ್ದ 259 ರೈತರಲ್ಲಿ ಇಬ್ಬರನ್ನ ಬಿಟ್ಟು ಎಲ್ರೂ ಹಾಕಿದ್ರು. ಪರೀಕ್ಷೇಲಿ ಇದನ್ನ ಬರೀವಾಗ 'ಶುರುವಲ್ಲಿ ಸೇಲ್ಸ್‌ಮನ್ ಮೇಲೆ ಖರ್ಚು, ಆಮೇಲೆ ಡೆಮೊ ಪ್ಲಾಟ್ ಮೇಲೆ ಖರ್ಚು' ಅನ್ನೋ ಸಾಲು ಬಿಡಬೇಡಿ.

3. ತುಮಕೂರಿನ ಒಂದು ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್‌ಗೆ ಐದು ಜನ ಬರ್ತಾರೆ. ಯಾರು ಯಾವ ಗುಂಪು, ಸೇಲ್ಸ್‌ನವರು ಏನು ಮಾಡಬೇಕು?

ಕ) "ಸರ್, ಬ್ಯಾಟರಿ ಎಷ್ಟು ಕಿಲೋವ್ಯಾಟ್ ಅವರ್? ಹೊಸ ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಬಿಡೋವಾಗ ನನ್ನನ್ನೂ ಸೇರಿಸ್ಕೊಳ್ತೀರಾ?"
ಖ) "ಹೋದ ವಾರ ನಮ್ಮೆಜಮಾನ್ರ ಆಫೀಸಲ್ಲಿ ಇಬ್ರು ತಗೊಂಡ್ರಂತೆ. ಸರ್ವೀಸ್ ಇಲ್ಲೇ ಆಗತ್ತಾ ಅಥವಾ ಬೆಂಗಳೂರಿಗೆ ಕಳಿಸ್ತೀರಾ?"
ಗ) "ನಾನು ಪಿಯು ಕಾಲೇಜ್ ಲೆಕ್ಚರರ್, ನಾನು ತಗೊಂಡ್ರೆ ಸ್ಟಾಫ್ ರೂಮಲ್ಲಿ ಎಲ್ರೂ ಕೇಳ್ತಾರೆ, ತಿಂಗಳಿಗೆ ಎಷ್ಟು ಉಳಿಯತ್ತೆ ಕರೆಕ್ಟಾಗಿ ಲೆಕ್ಕ ಕೊಡಿ."
ಘ) "ನನ್ನ ಮೊಪೆಡ್ಡು ಚೆನ್ನಾಗೇ ಓಡ್ತೈತೆ ಕಣಪ್ಪ, ಮಗ ಕರ್ಕೊಂಡ್ ಬಂದ ಅಂತ ಬಂದೆ."
ಙ) "ಪೆಟ್ರೋಲ್ ಹಾಕ್ಸಿ ಹಾಕ್ಸಿ ಸಾಕಾಯ್ತು, ನಮ್ಮ ಬೀದೀಲಿ ಎಲ್ರ ಮನೇಲೂ ಇದೆ. ಬ್ಯಾಟರಿ ಹೋದ್ರೆ ಏನ್ಮಾಡೋದು, ಬರೆದು ಕೊಡ್ತೀರಾ?"

ಉತ್ತರ: ಕ ಇನ್ನೊವೇಟರ್. ಇವರಿಗೆ ಡಿಸ್ಕೌಂಟ್ ಬೇಡ, ಎಂಜಿನಿಯರ್ ಜೊತೆ ಮಾತಾಡ್ಸಿ, ಎಲ್ಲರಿಗಿಂತ ಮುಂಚೆ ಗಾಡಿ ಕೊಡಿ. ಗ ಅರ್ಲಿ ಅಡಾಪ್ಟರ್, ಅಂದ್ರೆ ಒಪಿನಿಯನ್ ಲೀಡರ್. ಇವರಿಗೆ ಎರಡು ದಿನ ಟೆಸ್ಟ್ ರೈಡ್ ಕೊಟ್ಟು, ಲೆಕ್ಕದ ಹಾಳೆ ಕೈಗೆ ಕೊಟ್ಟು, ಗಾಡಿ ತಗೊಂಡ್ಮೇಲೂ ಚೆನ್ನಾಗಿ ನೋಡ್ಕೊಳ್ಳಿ, ಯಾಕಂದ್ರೆ ಇವರಿಗೆ ಬೇಜಾರಾದ್ರೆ ಸ್ಟಾಫ್ ರೂಮೇ ಕೈ ಬಿಟ್ಟುಹೋಗತ್ತೆ. ಖ ಅರ್ಲಿ ಮೆಜಾರಿಟಿ, ಊರಲ್ಲೇ ಸರ್ವೀಸ್ ಸೆಂಟರ್ ತೋರ್ಸಿ, ಇದೇ ಊರಲ್ಲಿ ಓಡಿಸ್ತಿರೋರ ಹತ್ರ ಮಾತಾಡ್ಸಿ. ಙ ಲೇಟ್ ಮೆಜಾರಿಟಿ, ವಾರಂಟಿ, ಎಕ್ಸ್‌ಚೇಂಜ್, ಕಡಿಮೆ ಇಎಂಐ. ಘ ಲ್ಯಾಗಾರ್ಡ್, ಒತ್ತಾಯ ಮಾಡ್ಬೇಡಿ, ಕಾಫಿ ಕೊಟ್ಟು ಕಳಿಸಿ.

ತುಂಬಾ ಜನ ಖ ಮತ್ತು ಙ ಅದಲು ಬದಲು ಮಾಡ್ತಾರೆ. ಖ ಯೋಚನೆ ಮಾಡಿ ಬಂದಿರೋರು, ತಮ್ಮಂಥವರು ಒಂದಿಬ್ರು ತಗೊಂಡಿದ್ರೆ ಸಾಕು. ಙಗೆ ಸುತ್ತ ಎಲ್ರೂ ತಗೊಂಡಿರಬೇಕು, ಜೊತೆಗೆ ಖರ್ಚಿನ ಒತ್ತಡನೂ ಇರಬೇಕು.

4. ಸರಿಯೋ ತಪ್ಪೋ: 'ಗ್ಯಾಜೆಟ್ ಪ್ರಿಯರು ಹೊಗಳಿದ ವಿಡಿಯೋನ ದೊಡ್ಡ ಮಾರ್ಕೆಟ್‌ಗೆ ಆಡ್ ಆಗಿ ಹಾಕಿದ್ರೆ ಸಾಕು.'

ಉತ್ತರ: ತಪ್ಪು. ಟೆಕ್ ಮಾರ್ಕೆಟಿಂಗ್ ಬಗ್ಗೆ ಬರೆದ ಜೆಫ್ರಿ ಮೂರ್ 1991ರಲ್ಲಿ ಇದನ್ನೇ ಹೇಳಿದ್ದು, ಅರ್ಲಿ ಅಡಾಪ್ಟರ್ಸ್ ಮತ್ತು ಅರ್ಲಿ ಮೆಜಾರಿಟಿ ಮಧ್ಯೆ ದೊಡ್ಡ ಕಂದಕ ಇದೆ, ಟೆಕ್ ಪ್ರಾಡಕ್ಟ್‌ಗಳು ಅಲ್ಲೇ ಬೀಳ್ತವೆ ಅಂತ. ಕಂದಕದ ಆ ಕಡೆ ಇರೋ ಅರ್ಲಿ ಮೆಜಾರಿಟಿಗೆ ಹೊಸತು ಅನ್ನೋದೇ ಭಯ, ಅವರಿಗೆ ಪೂರ್ತಿ ರೆಡಿ ಇರೋ ಪ್ರಾಡಕ್ಟ್ ಬೇಕು. ದಾಟೋಕೆ ಮೂರ್ ಹೇಳೋ ದಾರಿ ಏನಂದ್ರೆ ಒಂದೇ ಒಂದು ಸಣ್ಣ ಸೆಗ್ಮೆಂಟ್ ಹಿಡೀರಿ, ಅವರ ಒಂದು ಸಮಸ್ಯೆ ಪೂರ್ತಿ ಬಗೆಹರಿಸಿ. ಆದ್ರೆ ರೋಜರ್ಸ್ ಈ ಕಂದಕ ಒಪ್ಪಲಿಲ್ಲ, ಗುಂಪುಗಳ ಮಧ್ಯೆ ಅಂಥಾ ಬಿರುಕು ಇಲ್ಲ ಅಂದ್ರು. ಎರಡೂ ಬರೆದವರಿಗೆ ಪೂರ್ತಿ ಮಾರ್ಕ್ಸ್.

5. ಯುಪಿಐ ಶುರುವಾಗಿದ್ದು 2016ರಲ್ಲಿ. ದುಡ್ಡು ಬಂತು ಅಂತ ಕನ್ನಡದಲ್ಲೇ ಕೂಗೋ ಸೌಂಡ್‌ಬಾಕ್ಸು ತರಕಾರಿ ಅಂಗಡಿಯವರ ಯಾವ ತೊಂದರೆ ಕಡಿಮೆ ಮಾಡ್ತು?

ಉತ್ತರ: ಕಾಂಪ್ಲೆಕ್ಸಿಟಿ, ಅಂದ್ರೆ ಬಳಸೋದು ಕಷ್ಟ ಅನ್ನೋದು, ಮತ್ತು ಮೋಸದ ಭಯ. ಸಂಜೆ ರಶ್ಶಲ್ಲಿ ಒಂದು ಕೈಲಿ ತಕ್ಕಡಿ, ಇನ್ನೊಂದು ಕೈಲಿ ಕವರ್ ಹಿಡಿದಿರೋವಾಗ ಯಾರೂ ಮೊಬೈಲ್ ತೆಗೆದು ಮೆಸೇಜ್ ಓದೋಕ್ಕಾಗಲ್ಲ. ಗಿರಾಕಿ ತೋರಿಸೋ ಸ್ಕ್ರೀನ್ ನಂಬೋದೂ ಕಷ್ಟ. ಕಿವಿಗೆ ಬಿದ್ರೆ ಮುಗೀತು. ಜೊತೆಗೆ ಪಕ್ಕದ ಅಂಗಡಿಯವರಿಗೂ ಕೇಳ್ಸತ್ತೆ, ಅದು ಅಬ್ಸರ್ವೆಬಿಲಿಟಿ, ಅಂದ್ರೆ ಬಳಸೋದು ಬೇರೆಯವರ ಗಮನಕ್ಕೆ ಬರೋ ಗುಣ. ಲೇಟ್ ಮೆಜಾರಿಟಿಗೆ ಸಾಲು ಸಾಲು ಆಡ್‌ಗಿಂತ ಇಂಥ ಒಂದು ಡಬ್ಬಿ ಹೆಚ್ಚು ಕೆಲಸ ಮಾಡತ್ತೆ ಅಂತ ನನ್ನ ಅಭಿಪ್ರಾಯ.

6. ಒಂದೇ ಮನುಷ್ಯ ಒಂದು ವಸ್ತುವಿಗೆ ಇನ್ನೊವೇಟರ್, ಇನ್ನೊಂದಕ್ಕೆ ಲ್ಯಾಗಾರ್ಡ್ ಆಗಬಹುದಾ?

ಉತ್ತರ: ಖಂಡಿತ. ತೋಟದಲ್ಲಿ ಎಲ್ಲರಿಗಿಂತ ಮೊದಲು ಡ್ರಿಪ್ ಹಾಕಿಸಿದವರು ಇನ್ನೂ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸ್ತಿರಬಹುದು.

7. ಐದು ಮಾರ್ಕ್ಸ್: 'ಲ್ಯಾಗಾರ್ಡ್ಸ್ ಅಂದ್ರೆ ಸೋಮಾರಿಗಳು, ತಿಳುವಳಿಕೆ ಇಲ್ಲದವರು.' ಒಪ್ತೀರಾ?

ಉತ್ತರ: ಒಪ್ಪಬೇಡಿ. ಕೈಲಿ ದುಡ್ಡು ಕಮ್ಮಿ ಇರೋರಿಗೆ ಒಂದು ತಪ್ಪು ಖರೀದಿ ಅಂದ್ರೆ ಎಷ್ಟೋ ತಿಂಗಳ ಉಳಿತಾಯ ಹೋದ ಹಾಗೆ, ಅವರು ಕಾಯೋದು ಲೆಕ್ಕಾಚಾರನೇ. ಜನ ತಗೊಳ್ಳದಿದ್ರೆ ಜನರದ್ದೇ ತಪ್ಪು ಅನ್ನೋ ಧೋರಣೆ ಬಗ್ಗೆ ರೋಜರ್ಸ್ ತಾವೇ ಎಚ್ಚರಿಕೆ ಕೊಟ್ಟಿದಾರೆ. ಉದಾಹರಣೆಗೆ ಸ್ಮಾರ್ಟ್‌ಫೋನ್ ಇಲ್ಲದವರಿಗೆ ಯುಪಿಐ ತಗೊಳ್ಳಿ ಅಂತ ಎಷ್ಟು ಆಡ್ ಹಾಕಿದ್ರೂ ಏನು ಪ್ರಯೋಜನ? ಬಟನ್ ಫೋನಲ್ಲೇ *99# ಒತ್ತಿ ಕಳಿಸೋ ವ್ಯವಸ್ಥೆ, 2022ರಲ್ಲಿ ಬಂದ ಯುಪಿಐ 123ಪೇ, ಇವೆಲ್ಲ ಪ್ರಾಡಕ್ಟನ್ನೇ ಅವರ ಹತ್ರಕ್ಕೆ ತಂದ ಪ್ರಯತ್ನ. ಹಾಗಾಗಿ ಇಲ್ಲಿ ಆಡ್ ಬಜೆಟ್ ಕಡಿಮೆ ಮಾಡಿ, ಬೆಲೆ ಮತ್ತು ಬಳಸೋ ರೀತಿ ಬದಲಾಯಿಸಿ ಅಂತ ಬರೀರಿ. ಕಾರಣಕ್ಕೆ ಎರಡು ಮಾರ್ಕ್ಸ್, ಉದಾಹರಣೆಗೆ ಒಂದು, ಮಾರ್ಕೆಟಿಂಗ್ ಹೆಜ್ಜೆಗೆ ಎರಡು.