ಮೂರು ಸೌಟು

ತೀರ್ಥಹಳ್ಳಿಯ ಛತ್ರದ ಹಿಂಭಾಗದಲ್ಲಿ ಮರುದಿನದ ಮದುವೆ ಊಟಕ್ಕೆ ಸೌತೆಕಾಯಿ ಹೆಚ್ಚುತ್ತ ಕೂತಿದ್ದ ಸುಬ್ಬಣ್ಣನ ಫೋನು ರಾತ್ರಿ 11.30ಕ್ಕೆ ಬಡಿದುಕೊಂಡಿತು. ದೋಹಾದಿಂದ ಸೋದರಳಿಯ ಪ್ರದೀಪ. ಅಲ್ಲಿ ಇನ್ನೂ 9 ಗಂಟೆ. ಕೈ ಒದ್ದೆಯಿದ್ದುದರಿಂದ ಸ್ಪೀಕರಿಗೆ ಹಾಕಿ ಅಕ್ಕಿಮೂಟೆಯ ಮೇಲಿಟ್ಟ.

"ಮಾವ, ಮೊದಲ ದಿನವೇ ಮರ್ಯಾದೆ ಹೋಯ್ತು."

"ಎಂತ, ಸೀದು ಹೋಯ್ತಾ?"

"ಸೀದಿದ್ರೆ ಎಷ್ಟೋ ವಾಸಿಯಿತ್ತು."

ಅವನನ್ನು ನಿಲ್ಲಿಸಿದ್ದು ಶೋರ್ಬಾದ ಪಾತ್ರೆಯ ಮುಂದೆ. ಚನ್ನಂಗಿ ಬೇಳೆ, ಈರುಳ್ಳಿ, ಜೀರಿಗೆ. ನೋಡಲಿಕ್ಕೆ ನಮ್ಮ ತೊವ್ವೆಯೇ. ಶೆಫ್ ಸಿರಿಯಾದವನು. ಇಂಗ್ಲಿಷು ಅವನಿಗೂ ಅಷ್ಟಕ್ಕಷ್ಟೆ, ಇವನಿಗೂ ಅಷ್ಟಕ್ಕಷ್ಟೆ. ಬೇಳೆ ಕುದಿದು ನೊರೆ ಪಾತ್ರೆಯ ಕಂಠಕ್ಕೆ ಬಂದಾಗ, ಎರಡೂ ಕೈಯಲ್ಲಿ ಕೋಳಿ ಹಿಡಿದು ಆಚೆ ಮೂಲೆಯಲ್ಲಿ ನಿಂತಿದ್ದ ಶೆಫ್ ಗದ್ದದಲ್ಲೇ ಇತ್ತ ತೋರಿಸಿ ಕೂಗಿದ: "ಸಕ್ಕಿರ್! ಸಕ್ಕಿರ್!"

(ಕೋಳಿ ಅಂದಾಗ ಸುಬ್ಬಣ್ಣ ಕೆಮ್ಮಿದ. ಹುಡುಗ ಊರು ಬಿಡುವಾಗ ವೆಜ್ ಕಿಚನ್ ಅಂತ ಹೇಳಿದ್ದ.)

ಪ್ರದೀಪನಿಗೆ ಸಂಶಯವೇ ಬರಲಿಲ್ಲ. ಸುಕ್ಕರ್ ಅಂದರೆ ಸಕ್ಕರೆ ಎಂದು ರೂಮಿನಲ್ಲಿದ್ದ ಕಾಸರಗೋಡಿನವನು ಹಿಂದಿನ ರಾತ್ರಿಯಷ್ಟೇ ಹೇಳಿಕೊಟ್ಟಿದ್ದ. ಮೇಲಾಗಿ, ಬೆಲ್ಲ ಬೀಳದ ಸಾರನ್ನು ಸಾರೆಂದೇ ಒಪ್ಪದ ಮನೆಯ ಹುಡುಗ. ಇವರೂ ನಮ್ಮ ಹಾಗೇ ಎಂದು ಖುಷಿಯಾಗಿ ಒಂದು ಸೌಟು ಸಕ್ಕರೆ ಸುರಿದ. ಶೆಫ್ ಇನ್ನೂ ಜೋರಾಗಿ ಕೂಗಿದ. ಸಾಲಲಿಲ್ಲವೇನೋ ಎಂದು ಇನ್ನೊಂದು. ಶೆಫ್‌ನ ಮುಖ ಕೆಂಪಾಯಿತು. ದೊಡ್ಡ ಅಡುಗೆ, ಕೈ ಹಿಡಿಯಬಾರದು ಅಂತ ಮಾವನೇ ಕಲಿಸಿದ್ದಲ್ಲವೇ, ಮೂರನೆಯದನ್ನು ತಲೆ ತುಂಬ ಹಾಕಿದ. ಕೋಳಿ ಎಸೆದು ಶೆಫ್ ಓಡಿ ಬರುವಷ್ಟರಲ್ಲಿ ಶೋರ್ಬಾ ಉಕ್ಕಿ ನೆಲಕ್ಕಿಳಿದಿತ್ತು.

"ಸಕ್ಕಿರ್ ಅಂದ್ರೆ ಮುಚ್ಚು ಅಂತಂತೆ ಮಾವ. ಗ್ಯಾಸ್ ಬಂದ್ ಮಾಡು ಅಂದಿದ್ದು ಅವನು."

ಹೋಳಿಗೆಯ ಕಣಕ ನಾದುತ್ತಿದ್ದವನು ನಕ್ಕು ನಕ್ಕು ಗೋಡೆಗೊರಗಿದ. ಸುಬ್ಬಣ್ಣ ಮಾತ್ರ ನಗಲಿಲ್ಲ.

"ಬೇಳೆ ಎಷ್ಟಿತ್ತು?"

"ಹತ್ತು ಕೇಜಿ."

"ಹುಳಿಗೆ ಎಂತ ಹಾಕ್ತಾರೆ?"

"ನಿಂಬೆಹಣ್ಣು."

"ಇನ್ನೊಂದಿಪ್ಪತ್ತು ಹಣ್ಣು ಹಿಂಡಿ, ಕಾಳುಮೆಣಸು ಕುಟ್ಟಿ ಹಾಕಿದ್ರೆ ಆಗ್ತಿತ್ತಲ್ಲ ಮಾರಾಯ. ಚೆಲ್ಲಿದ್ರಾ?"

"ಇಲ್ಲ, ಕೆಲಸದವರಿಗೇ ಬಡಿಸಿದ್ರು. ಬಾಂಗ್ಲಾದವನೊಬ್ಬ ಎರಡು ಸಲ ಹಾಕಿಸ್ಕೊಂಡ."

"ಮತ್ತೆ!" ಸುಬ್ಬಣ್ಣ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿದ. ಮುಂದಿನ ಸೌತೆಕಾಯಿಯ ತುದಿ ಕೊಯ್ದು, ಕಹಿಯಿದೆಯಾ ಅಂತ ನಾಲಿಗೆಗೆ ಮುಟ್ಟಿಸಿಕೊಂಡ. "ಅದಿರ್ಲಿ, ಕೊನೆಗೆ ಆ ಗ್ಯಾಸ್ ಆರಿಸಿದ್ದು ಯಾರೋ?"

"ಶೋರ್ಬಾನೇ, ಮಾವ."